ಒಂದೇ ದೂರು, ಎರಡು ಇಮೇಲ್: ಮೀಟಿಂಗ್‌ನಲ್ಲಿ ಹಂಗಿಸುತ್ತಿದ್ದ ಮ್ಯಾನೇಜರ್ ಬಗ್ಗೆ ಒಂದು ಪ್ರಕರಣ

ಎಚ್‌ಆರ್ ವಿಭಾಗದಲ್ಲಿ ನೌಕರರ ದೂರುಗಳನ್ನು ವಿಚಾರಿಸುವುದು ನನ್ನ ಕೆಲಸವಾಗಿತ್ತು. "ಮ್ಯಾನೇಜರ್ ಎಲ್ಲರೆದುರು ಅವಮಾನ ಮಾಡುತ್ತಾರೆ" ಅನ್ನುವ ದೂರುಗಳು ಆಗಾಗ ಬರುತ್ತಿದ್ದವು. ಅವುಗಳಲ್ಲಿ ಎಷ್ಟೋ ಮೊದಲ ಓದಿನಲ್ಲೇ ಬಿದ್ದುಹೋಗುತ್ತಿದ್ದವು. ದೂರು ಸುಳ್ಳು ಅಂತಲ್ಲ, ಹಿಡಿದು ವಿಚಾರಿಸಲು ಅದರಲ್ಲಿ ಏನೂ ಇರುತ್ತಿರಲಿಲ್ಲ. ಇಲ್ಲಿ ಹೇಳುವ ಪ್ರಕರಣದಲ್ಲಿ ಒಬ್ಬರೇ ನೌಕರರು ಒಂದೇ ವಿಷಯಕ್ಕೆ ಎರಡು ಇಮೇಲ್ ಬರೆದರು. ಮೊದಲನೆಯದಕ್ಕೆ ಸಿಕ್ಕಿದ್ದು ಬುದ್ಧಿಮಾತು. ಎರಡನೆಯದಕ್ಕೆ ವಿಚಾರಣೆ ನಡೆಯಿತು. ನಡುವೆ ಹೊಸ ಘಟನೆ ಏನೂ ನಡೆದಿರಲಿಲ್ಲ.

ಗುರುತು ಸಿಗದಂತೆ ಕೆಲಸದ ವಿವರ, ದಿನಾಂಕ, ಮಾತುಗಳ ಕೆಲವು ಪದ ಬದಲಿಸಿದ್ದೇನೆ. ಹೆಸರುಗಳು ಎಲ್ಲೂ ಇಲ್ಲ. ದೂರು ಕೊಟ್ಟವರನ್ನು "ಆಕೆ" ಅಂತಲೂ, ಯಾರ ಮೇಲೆ ದೂರು ಬಂತೋ ಅವರನ್ನು "ಮ್ಯಾನೇಜರ್" ಅಂತಲೂ ಕರೆಯುತ್ತೇನೆ.

ಹಿನ್ನೆಲೆ

ತಂಡದಲ್ಲಿ ಮ್ಯಾನೇಜರ್ ಬಿಟ್ಟು ಒಂಬತ್ತು ಜನ. ಅಂಕಿಅಂಶ ಸೇರಿಸಿ ವರದಿ ಮಾಡುವುದು ಅವರ ಕೆಲಸ. ಪ್ರತಿ ಸೋಮವಾರ ಒಂದು ರಿವ್ಯೂ ಮೀಟಿಂಗ್. ಅರ್ಧ ಜನ ಕೋಣೆಯಲ್ಲಿ, ಇನ್ನರ್ಧ ಜನ ವೀಡಿಯೊ ಕಾಲ್‌ನಲ್ಲಿ. ಬರಲಾಗದವರು ಆಮೇಲೆ ನೋಡಲಿ ಅಂತ ಮೀಟಿಂಗ್ ರೆಕಾರ್ಡ್ ಆಗುತ್ತಿತ್ತು. ಈ ಸಣ್ಣ ವಿವರ ಮುಂದೆ ದೊಡ್ಡದಾಗುತ್ತದೆ.

ಆಕೆ ಆ ತಂಡಕ್ಕೆ ಬಂದು ಎರಡು ವರ್ಷ ಆಗಿತ್ತು. ಹಳೆಯ ಮ್ಯಾನೇಜರ್ ಕೈಕೆಳಗೆ ಮೌಲ್ಯಮಾಪನ ಚೆನ್ನಾಗಿಯೇ ಬಂದಿತ್ತು. ಹೊಸ ಮ್ಯಾನೇಜರ್ ಬಂದು ಏಳು ತಿಂಗಳು. ಅವರ ಬಗ್ಗೆ ಮೇಲಿನವರಿಗೆ ಒಳ್ಳೆಯ ಅಭಿಪ್ರಾಯವಿತ್ತು. ತಂಡದ ವರದಿಗಳು ಹೊತ್ತಿಗೆ ಸರಿಯಾಗಿ ಹೋಗಲು ಶುರುವಾಗಿದ್ದು ಅವರು ಬಂದ ಮೇಲೆಯೇ. ಇಂಥ ದೂರುಗಳಲ್ಲಿ ಇದು ಮಾಮೂಲಿ ಚಿತ್ರ. ಕೆಲಸ ತೆಗೆಯುವ ಮ್ಯಾನೇಜರ್ ಮೇಲೆ ದೂರು ಬಂದಾಗ "ಸ್ವಲ್ಪ ಖಡಕ್ ಮನುಷ್ಯ, ಅಷ್ಟೇ" ಅನ್ನುವ ಮಾತು ವಿಚಾರಣೆಗಿಂತ ಮೊದಲೇ ಹುಟ್ಟಿಕೊಳ್ಳುತ್ತದೆ.

ಮೀಟಿಂಗ್‌ನಲ್ಲಿ ಏನು ನಡೆಯುತ್ತಿತ್ತು? ಬೈಗುಳ ಇಲ್ಲ. ಕೂಗಾಟ ಇಲ್ಲ. ನಗುನಗುತ್ತಲೇ ಒಂದು ಮಾತು ಬರುತ್ತಿತ್ತು. "ಎರಡು ವರ್ಷ ಆಯ್ತು, ಮೇಡಂ ಇನ್ನೂ ಎಲ್‌ಕೆಜಿಯಲ್ಲೇ ಇದ್ದಾರೆ." ಒಂದಿಬ್ಬರು ನಗುತ್ತಿದ್ದರು. ಉಳಿದವರು ಲ್ಯಾಪ್‌ಟಾಪ್ ನೋಡುತ್ತಿದ್ದರು. ಮುಂದಿನ ವಿಷಯಕ್ಕೆ ಮೀಟಿಂಗ್ ಹೋಗಿಬಿಡುತ್ತಿತ್ತು. ಒಂದೊಂದೇ ಮಾತನ್ನು ತೆಗೆದುಕೊಂಡು ಎಚ್‌ಆರ್ ಮುಂದೆ ಇಟ್ಟರೆ "ಅಯ್ಯೋ, ಇಷ್ಟಕ್ಕೇನಾ?" ಅನಿಸುವಂಥದ್ದು. ವಾರ ಬಿಟ್ಟು ವಾರ ಅದೇ ವ್ಯಕ್ತಿಯ ಮೇಲೆ ಬಿದ್ದಾಗಲೇ ಅದರ ಭಾರ ಗೊತ್ತಾಗುವುದು.

ಆಕೆ ಮೊದಲು ಮಾಡಿದ್ದು ಸರಿಯಾದ ಕೆಲಸವೇ. ಮಾರ್ಚ್ 21ರಂದು ಮ್ಯಾನೇಜರ್ ಜೊತೆ ಒಬ್ಬರೇ ಕೂತು ಮಾತಾಡಿದರು. "ತಪ್ಪಿದ್ದರೆ ನನಗೆ ಬೇರೆ ಹೇಳಿ. ಎಲ್ಲರೆದುರು ಹೀಗೆ ಹೇಳಿದರೆ ನನಗೆ ಅವಮಾನ ಆಗುತ್ತದೆ" ಅಂದರು. ಮ್ಯಾನೇಜರ್ ಉತ್ತರ: "ಇಷ್ಟೊಂದು ಸೆನ್ಸಿಟಿವ್ ಆಗಬೇಡಿ. ನಾನು ಎಲ್ಲರ ಹತ್ತಿರವೂ ಹೀಗೇ." ಆಮೇಲೆ ಎರಡು ಸೋಮವಾರ ಏನೂ ಆಗಲಿಲ್ಲ. ಏಪ್ರಿಲ್ 8ರಂದು ಮೀಟಿಂಗ್ ಶುರುವಾಗುವ ಹೊತ್ತಿಗೆ ಮ್ಯಾನೇಜರ್ ತಂಡದ ಕಡೆ ತಿರುಗಿ ಹೀಗೆಂದರು: "ಇವತ್ತು ಮೇಡಂ ಕೆಲಸದ ಬಗ್ಗೆ ನಾನೇನೂ ಹೇಳಲ್ಲಪ್ಪ. ಹೇಳಿದ್ರೆ ಬೇಜಾರಾಗುತ್ತಂತೆ."

ಮೊದಲ ಇಮೇಲ್

ಏಪ್ರಿಲ್ 22ರ ಮೀಟಿಂಗ್‌ನಲ್ಲಿ ಇನ್ನೊಂದು ಮಾತು ಬಂತು. ಅವತ್ತು ರಾತ್ರಿಯೇ ಆಕೆ ಎಚ್‌ಆರ್‌ಗೆ ಬರೆದರು. ಉದ್ದದ ಇಮೇಲ್. ವಿಷಯದ ಸಾಲಿನಲ್ಲಿ "ಇನ್ನು ಸಹಿಸಲು ಆಗುತ್ತಿಲ್ಲ" ಅಂತಿತ್ತು. ಮ್ಯಾನೇಜರ್ ಅಹಂಕಾರಿ, ಹೆಂಗಸರನ್ನು ಕಂಡರೆ ಆಗುವುದಿಲ್ಲ, ಯಾವಾಗಲೂ ನನ್ನನ್ನೇ ಗುರಿ ಮಾಡುತ್ತಾರೆ, ತಂಡದಲ್ಲಿ ಯಾರಿಗೂ ಅವರು ಬೇಡ ಅಂತ ಬರೆದಿದ್ದರು. ಅದರ ಜೊತೆಗೆ ಎರಡು ತಿಂಗಳ ಹಿಂದೆ ರಜೆ ಕೊಡದಿದ್ದದ್ದು, ಮೌಲ್ಯಮಾಪನದಲ್ಲಿ ಅಂಕ ಕಡಿಮೆ ಬಂದದ್ದು, ಬೇರೆಯವರಿಗೆ ಒಳ್ಳೆಯ ಪ್ರಾಜೆಕ್ಟ್ ಸಿಕ್ಕಿದ್ದು ಎಲ್ಲವೂ ಸೇರಿತ್ತು. ಸಿಸಿಯಲ್ಲಿ ವಿಭಾಗದ ಮುಖ್ಯಸ್ಥರೂ ಇದ್ದರು, ಮ್ಯಾನೇಜರ್‌ರ ಮೇಲಧಿಕಾರಿಯೂ ಇದ್ದರು. ಕೊನೆಯ ಸಾಲು: "ದಯವಿಟ್ಟು ಯಾವ ಕ್ರಮವನ್ನೂ ತೆಗೆದುಕೊಳ್ಳಬೇಡಿ, ನಿಮ್ಮ ಗಮನಕ್ಕೆ ತರುತ್ತಿದ್ದೇನೆ ಅಷ್ಟೇ."

ಇದನ್ನು ಓದಿದ್ದು ನನ್ನ ಸಹೋದ್ಯೋಗಿ. ಅವರು ಕಲ್ಲುಮನಸ್ಸಿನವರೇನಲ್ಲ. ಆದರೆ ಎಚ್‌ಆರ್‌ನಲ್ಲಿ ಕೂತವರು ದೂರಿನ ಇಮೇಲ್ ಓದುವಾಗ ಹುಡುಕುವುದೇ ಬೇರೆ. ಏನು ಹೇಳಿದರು, ಯಾವತ್ತು, ಯಾರೆದುರು, ಅದನ್ನು ಯಾವುದರಿಂದ ಪರೀಕ್ಷಿಸಬಹುದು? ಈ ಇಮೇಲ್‌ನಲ್ಲಿ ಆ ನಾಲ್ಕರಲ್ಲಿ ಒಂದೂ ಇರಲಿಲ್ಲ. ಮ್ಯಾನೇಜರ್ ಆಡಿದ ಒಂದೇ ಒಂದು ಮಾತು ಕೂಡ ಇದ್ದಹಾಗೇ ಇರಲಿಲ್ಲ. "ಅಹಂಕಾರಿ" ಹೌದೋ ಅಲ್ಲವೋ ಅಂತ ಯಾರನ್ನು ಕೇಳುವುದು? "ಯಾವಾಗಲೂ" ಅನ್ನುವ ಪದವಂತೂ ಎದುರಿನವರಿಗೆ ಉಡುಗೊರೆ ಕೊಟ್ಟಂತೆ. ಒಂದು ಮೀಟಿಂಗ್‌ನಲ್ಲಿ ಹಾಗೆ ಆಗಲಿಲ್ಲ ಅಂತ ತೋರಿಸಿದರೆ ಸಾಕು, ಆ ಪದ ಸುಳ್ಳಾಗುತ್ತದೆ. ಅದರ ಜೊತೆ ಉಳಿದದ್ದರ ಮೇಲೂ ಅನುಮಾನ ಶುರುವಾಗುತ್ತದೆ.

"ಹೆಂಗಸರನ್ನು ಕಂಡರೆ ಆಗುವುದಿಲ್ಲ" ಅನ್ನುವ ಮಾತನ್ನು ನನ್ನ ಸಹೋದ್ಯೋಗಿ ಬದಿಗಿಡಲಿಲ್ಲ. ಲಿಂಗ, ಜಾತಿ, ಧರ್ಮ, ಅಂಗವೈಕಲ್ಯದ ಮೇಲೆ ಹಂಗಿಸಿದ್ದಾರೆ ಅಂದರೆ ಸಾಮಾನ್ಯವಾಗಿ ವಿಚಾರಣೆಯ ದಾರಿಯೇ ಬದಲಾಗುತ್ತದೆ. ಲೈಂಗಿಕ ಅರ್ಥದ ಮಾತಾದರೆ ಅನೇಕ ಕಡೆ ಅದಕ್ಕೆ ಪ್ರತ್ಯೇಕ ಸಮಿತಿಯೇ ಇರುತ್ತದೆ. ಹಾಗಾಗಿ ಅವರು ಫೋನ್ ಮಾಡಿ ಕೇಳಿದರು. ಆಕೆ "ಇಲ್ಲ, ಹಾಗೆ ನೇರವಾಗಿ ಏನೂ ಹೇಳಿಲ್ಲ, ನನಗೆ ಹಾಗನಿಸುತ್ತದೆ" ಅಂದರು. ಅದು ಪ್ರಾಮಾಣಿಕ ಉತ್ತರ. ಆದರೆ ಇಮೇಲ್‌ನ ತೂಕ ಅಲ್ಲೇ ಇನ್ನಷ್ಟು ಇಳಿಯಿತು.

ಕೊನೆಯ ಸಾಲು ಎಲ್ಲಕ್ಕಿಂತ ಹೆಚ್ಚು ತೊಡಕು ಮಾಡಿತು. ಕ್ರಮ ಬೇಡ ಅಂದಮೇಲೆ ಇದು ದೂರೋ, ಮಾತುಕತೆಯೋ? ಜನ ಈ ಸಾಲನ್ನು ಭಯದಿಂದ ಬರೆಯುತ್ತಾರೆ, ಅದು ನನಗೆ ಅರ್ಥವಾಗುತ್ತದೆ. ಆದರೆ ಎಚ್‌ಆರ್‌ಗೆ ಅದು ಎರಡೂ ಕಡೆ ಕತ್ತರಿ. ವಿಷಯ ಗಂಭೀರವಾಗಿದ್ದರೆ ಸುಮ್ಮನೆ ಕೂರುವಂತಿಲ್ಲ. ಗಂಭೀರ ಅಂತ ಕಾಣದಿದ್ದರೆ ಸುಮ್ಮನಿರಲು ಆ ಸಾಲೇ ಒಳ್ಳೆಯ ನೆಪ. ಇಲ್ಲಿ ಎರಡನೆಯದು ಆಯಿತು. ಫೈಲಿನಲ್ಲಿ "ಕೆಲಸದ ಶೈಲಿಯ ಭಿನ್ನಾಭಿಪ್ರಾಯ" ಅಂತ ಬರೆದರು. "ನೀವಿಬ್ಬರೂ ಒಮ್ಮೆ ಕೂತು ಮಾತಾಡಿ, ಬೇಕಿದ್ದರೆ ನಾವೂ ಬರುತ್ತೇವೆ" ಅಂತ ಉತ್ತರ ಹೋಯಿತು. ಆಗಲೇ ಕೂತು ಮಾತಾಡಿದ್ದರು, ಅದಾದ ಮೇಲೆ ಹಂಗಿಸುವುದು ಜಾಸ್ತಿಯಾಗಿತ್ತು. ಅದು ಇಮೇಲ್‌ನಲ್ಲಿ ಎಲ್ಲೂ ಬಂದಿರಲೇ ಇಲ್ಲ.

ಸಿಸಿಯಿಂದ ಇನ್ನೊಂದು ತೊಂದರೆ ಆಯಿತು. ಮೇಲಧಿಕಾರಿ ಒಳ್ಳೆಯ ಮನಸ್ಸಿನಿಂದಲೇ ಮ್ಯಾನೇಜರ್‌ಗೆ ಫೋನ್ ಮಾಡಿ "ಸ್ವಲ್ಪ ನೋಡಿಕೊಳ್ಳಿ" ಅಂದುಬಿಟ್ಟರು. ಎಚ್‌ಆರ್ ಏನನ್ನೂ ಶುರು ಮಾಡುವ ಮೊದಲೇ ಯಾರು ದೂರು ಕೊಟ್ಟರು ಅಂತ ಮ್ಯಾನೇಜರ್‌ಗೆ ಗೊತ್ತಾಯಿತು.

ಎರಡನೆಯ ಇಮೇಲ್

ಆಕೆ ಎಚ್‌ಆರ್ ಉತ್ತರವನ್ನು ಬೇರೆ ವಿಭಾಗದಲ್ಲಿದ್ದ ಹಿರಿಯ ಸ್ನೇಹಿತೆಗೆ ತೋರಿಸಿದರು. ಆ ಸ್ನೇಹಿತೆ ಕೇಳಿದ್ದು ಒಂದೇ ಪ್ರಶ್ನೆಯಂತೆ: "ಅವರು ಏನಂದ್ರು ಅಂತ ಎಲ್ಲಿ ಬರೆದಿದೀಯಾ?" ಆಕೆಯ ಹತ್ತಿರ ಉತ್ತರ ಇತ್ತು. ಮಾರ್ಚ್‌ನಿಂದಲೂ ಮೀಟಿಂಗ್ ಮುಗಿದ ಮೇಲೆ ತಮ್ಮ ನೋಟ್‌ಬುಕ್‌ನಲ್ಲಿ ಎರಡು ಸಾಲು ಬರೆದಿಡುವ ಅಭ್ಯಾಸ ಅವರಿಗಿತ್ತು. ಅದನ್ನು ಯಾರೂ ಕೇಳಿರಲಿಲ್ಲ, ಆಕೆಗೂ ಅದು ಪುರಾವೆ ಅಂತ ಹೊಳೆದಿರಲಿಲ್ಲ.

ಮೇ 8ರಂದು ಎರಡನೆಯ ಇಮೇಲ್ ಬಂತು. ದೂರುಗಳಿಗೆಂದೇ ಇದ್ದ ಎಚ್‌ಆರ್ ವಿಳಾಸಕ್ಕೆ ಮಾತ್ರ. ಸಿಸಿ ಖಾಲಿ. ಗುರುತು ಸಿಗುವ ವಿವರ ತೆಗೆದು, ಆಕೆಯ ಒಪ್ಪಿಗೆಯಿಂದ ಇಲ್ಲಿ ಕೊಡುತ್ತಿದ್ದೇನೆ.

> ವಿಷಯ: ಸೋಮವಾರದ ರಿವ್ಯೂ ಮೀಟಿಂಗ್‌ಗಳಲ್ಲಿ ನನ್ನ ಮ್ಯಾನೇಜರ್ ಆಡಿದ ಮಾತುಗಳ ಬಗ್ಗೆ ಲಿಖಿತ ದೂರು
>
> ನಮಸ್ಕಾರ,
>
> ಇದು ಲಿಖಿತ ದೂರು. ಇದನ್ನು ಸಂಸ್ಥೆಯ ದೂರು ನಿಯಮದ ಪ್ರಕಾರ ದಾಖಲಿಸಿಕೊಂಡು ವಿಚಾರಿಸಿ ಎಂದು ಕೇಳಿಕೊಳ್ಳುತ್ತೇನೆ. ಏಪ್ರಿಲ್ 22ರ ನನ್ನ ಇಮೇಲ್ ಬದಲಿಗೆ ಇದನ್ನು ಪರಿಗಣಿಸಿ.
>
> ಮಾರ್ಚ್ 4: ನಾನು ತಿಂಗಳ ವರದಿ ತೋರಿಸುತ್ತಿದ್ದೆ. ಮ್ಯಾನೇಜರ್ ನಡುವೆ ತಡೆದು, "ಎರಡು ವರ್ಷ ಆಯ್ತು, ಮೇಡಂ ಇನ್ನೂ ಎಲ್‌ಕೆಜಿಯಲ್ಲೇ ಇದ್ದಾರೆ" ಎಂದರು. ಪೂರ್ತಿ ತಂಡ ಇತ್ತು.
>
> ಮಾರ್ಚ್ 18: ನನ್ನ ವರದಿಯ ಎರಡನೆಯ ಕೋಷ್ಟಕದಲ್ಲಿ ಮೊತ್ತ ತಪ್ಪಾಗಿತ್ತು. ತಪ್ಪು ನನ್ನದೇ. ಅದನ್ನು ತೋರಿಸಿದ ಮೇಲೆ ಮ್ಯಾನೇಜರ್, "ಬಿಡಿ, ಇವರಿಂದ ಆಗೋದೇ ಇಷ್ಟು. ಇವರ ಕೆಲಸ ಅರ್ಥ ಆಗ್ಬೇಕಾದ್ರೆ ನಮಗೆಲ್ಲ ಟ್ಯೂಷನ್ ಬೇಕು" ಎಂದರು. ಏಳು ಜನ ಇದ್ದರು.
>
> ಮಾರ್ಚ್ 21: ಎಲ್ಲರೆದುರು ಹೀಗೆ ಮಾತಾಡಬೇಡಿ ಎಂದು ಅವರಿಗೆ ನೇರವಾಗಿ ಹೇಳಿದೆ. "ಇಷ್ಟೊಂದು ಸೆನ್ಸಿಟಿವ್ ಆಗಬೇಡಿ" ಎಂದರು.
>
> ಏಪ್ರಿಲ್ 8: ಮೀಟಿಂಗ್ ಶುರುವಾಗುವಾಗ, "ಇವತ್ತು ಮೇಡಂ ಕೆಲಸದ ಬಗ್ಗೆ ನಾನೇನೂ ಹೇಳಲ್ಲಪ್ಪ, ಹೇಳಿದ್ರೆ ಬೇಜಾರಾಗುತ್ತಂತೆ" ಎಂದರು. ಆಗ ಕೋಣೆಯಲ್ಲಿ ಐದು ಜನ ಇದ್ದರು.
>
> ಏಪ್ರಿಲ್ 22: ಹೊಸ ಕೆಲಸ ಹಂಚುವಾಗ ಒಬ್ಬರು ನನ್ನ ಹೆಸರು ಹೇಳಿದರು. ಮ್ಯಾನೇಜರ್, "ಬೇಡ ಬೇಡ, ಆಮೇಲೆ ನಾವೇ ಕೂತು ತಿದ್ದಬೇಕಾಗುತ್ತೆ" ಎಂದು ನಕ್ಕರು. ಪೂರ್ತಿ ತಂಡ ಇತ್ತು.
>
> ಮಾತುಗಳನ್ನು ಅದೇ ದಿನ ಬರೆದಿಟ್ಟ ಟಿಪ್ಪಣಿಯಿಂದ ತೆಗೆದಿದ್ದೇನೆ. ಒಂದೆರಡು ಪದ ಹೆಚ್ಚುಕಡಿಮೆ ಇರಬಹುದು. ಪ್ರತಿ ಮೀಟಿಂಗ್‌ನಲ್ಲಿ ಇದ್ದವರ ಹೆಸರನ್ನು ಕೆಳಗೆ ಕೊಟ್ಟಿದ್ದೇನೆ. ಅವರ ಜೊತೆ ಈ ದೂರಿನ ಬಗ್ಗೆ ನಾನು ಮಾತಾಡಿಲ್ಲ.
>
> ಇದರಿಂದ ಆಗಿರುವುದು: ಏಪ್ರಿಲ್ 8ರ ನಂತರ ನಾನು ಮೀಟಿಂಗ್‌ನಲ್ಲಿ ಪ್ರಶ್ನೆ ಕೇಳುವುದನ್ನು ನಿಲ್ಲಿಸಿದ್ದೇನೆ. ಏಪ್ರಿಲ್ 29ರಂದು ನನ್ನ ವರದಿಯನ್ನು ಬೇರೆಯವರು ಮಂಡಿಸಲಿ ಎಂದು ಕೇಳಿಕೊಂಡೆ.
>
> ನಾನು ಕೇಳುವುದು: ಈ ಮೀಟಿಂಗ್‌ಗಳ ರೆಕಾರ್ಡಿಂಗ್ ಅಳಿಸಿಹೋಗದಂತೆ ಇವತ್ತೇ ತೆಗೆದಿಡಿ. ಇಂಥ ಮಾತು ನಿಲ್ಲಬೇಕು. ವಿಚಾರಣೆ ಮುಗಿಯುವವರೆಗೆ ನನ್ನ ಮೌಲ್ಯಮಾಪನವನ್ನು ಬೇರೊಬ್ಬರು ಮಾಡಲಿ. ದೂರನ್ನು ಯಾರು ನೋಡುತ್ತಾರೆ, ನನಗೆ ಯಾವಾಗ ತಿಳಿಸುತ್ತೀರಿ ಎಂದು ಹೇಳಿ. ವಿಚಾರಣೆಗೆ ಅಗತ್ಯ ಇರುವವರಿಗೆ ಮಾತ್ರ ಇದನ್ನು ತೋರಿಸಿ.

"ಅವಮಾನ" ಅನ್ನುವ ಪದ ಕೂಡ ಇದರಲ್ಲಿ ಇಲ್ಲ, ಗಮನಿಸಿದಿರಾ? ಅದನ್ನು ಓದಿದವರೇ ತೀರ್ಮಾನಿಸಿಕೊಳ್ಳುತ್ತಾರೆ. ರಜೆಯ ವಿಷಯ, ಅಂಕದ ವಿಷಯ ಎರಡನ್ನೂ ಆಕೆ ಬಿಟ್ಟರು. ಅಂಕದ ಬಗ್ಗೆ ಮರುಪರಿಶೀಲನೆ ಕೇಳಲು ಬೇರೆ ದಾರಿ ಇತ್ತು, ಅಲ್ಲಿ ಬೇರೆ ಅರ್ಜಿ ಹಾಕಿದರು. ಒಂದೇ ಇಮೇಲ್‌ನಲ್ಲಿ ಎಲ್ಲ ಸೇರಿದ್ದರೆ "ಅಂಕ ಕಡಿಮೆ ಬಂದಿದ್ದಕ್ಕೆ ದೂರು" ಅನ್ನುವ ವಾದ ಮೊದಲ ದಿನವೇ ಬರುತ್ತಿತ್ತು.

ನನಗೆ ಎಲ್ಲಕ್ಕಿಂತ ಇಷ್ಟವಾದದ್ದು "ತಪ್ಪು ನನ್ನದೇ" ಅನ್ನುವ ಎರಡು ಪದ. ತಮ್ಮ ಕೆಲಸದ ತಪ್ಪನ್ನು ದೂರಿನಲ್ಲಿ ಒಪ್ಪಿಕೊಳ್ಳಲು ಜನ ಹೆದರುತ್ತಾರೆ. ಆದರೆ ಮ್ಯಾನೇಜರ್ ಕಡೆಯಿಂದ ಮೊದಲು ಬರುವ ಉತ್ತರವೇ ಅದು: ಕೆಲಸ ತಪ್ಪಾಗಿತ್ತು, ಅದಕ್ಕೆ ಹೇಳಿದೆ. ದೂರಿನಲ್ಲೇ ತಪ್ಪನ್ನು ಒಪ್ಪಿದ್ದರಿಂದ ಆ ಉತ್ತರಕ್ಕೆ ಜಾಗ ಇರಲಿಲ್ಲ. ಮೊತ್ತ ತಪ್ಪಾಗಿದೆ ಅಂತ ಹೇಳುವುದು ಬೇರೆ, ಇವರಿಂದ ಆಗೋದೇ ಇಷ್ಟು ಅನ್ನುವುದು ಬೇರೆ. ಆ ಗೆರೆಯನ್ನು ಆಕೆಯೇ ಎಳೆದುಕೊಟ್ಟಿದ್ದರು.

ಮಾಡದೆ ಬಿಟ್ಟ ಕೆಲವು ಕೆಲಸಗಳೂ ಲೆಕ್ಕಕ್ಕೆ ಬಂದವು. ಆಕೆ ಗುಟ್ಟಾಗಿ ಫೋನ್‌ನಲ್ಲಿ ರೆಕಾರ್ಡ್ ಮಾಡಲಿಲ್ಲ. ಇದರ ಕಾನೂನು ಒಂದೊಂದು ಕಡೆ ಒಂದೊಂದು ಥರ, ಸಂಸ್ಥೆಯ ನಿಯಮವೂ ಬೇರೆ ಇರುತ್ತದೆ. ಕೆಲಸದ ಫೈಲುಗಳನ್ನು ತಮ್ಮ ಸ್ವಂತ ಇಮೇಲ್‌ಗೆ ಕಳಿಸಿಕೊಳ್ಳಲಿಲ್ಲ. ಪುರಾವೆ ಅಂತ ಹೀಗೆ ಕಳಿಸಿಕೊಂಡವರು ಗೌಪ್ಯತೆ ಮುರಿದ ಆರೋಪಕ್ಕೆ ತಾವೇ ಸಿಕ್ಕಿಕೊಂಡಿದ್ದನ್ನು ನಾನು ನೋಡಿದ್ದೇನೆ. ಸಹೋದ್ಯೋಗಿಗಳ ಸಹಿ ಸಂಗ್ರಹಕ್ಕೂ ಇಳಿಯಲಿಲ್ಲ. ಇಳಿದಿದ್ದರೆ ಸಾಕ್ಷಿಗಳ ನೆನಪು ಅವರದೋ, ಆಕೆ ಹೇಳಿಕೊಟ್ಟಿದ್ದೋ ಅನ್ನುವ ಪ್ರಶ್ನೆ ಏಳುತ್ತಿತ್ತು.

ವಿಚಾರಣೆಯಲ್ಲಿ ಏನಾಯಿತು

ಈ ಇಮೇಲ್ ನನ್ನ ಮೇಜಿಗೆ ಬಂತು. ಮೊದಲು ಮಾಡಿದ್ದು ಐಟಿ ವಿಭಾಗಕ್ಕೆ ಫೋನ್. ಮೀಟಿಂಗ್ ರೆಕಾರ್ಡಿಂಗ್‌ಗಳು 60 ದಿನದ ನಂತರ ತಾವಾಗಿಯೇ ಅಳಿಯುವಂತೆ ವ್ಯವಸ್ಥೆ ಇತ್ತು. ಮಾರ್ಚ್ 4ರದ್ದು ಐದು ದಿನ ಮೊದಲೇ ಹೋಗಿತ್ತು. ಮಾರ್ಚ್ 18ರದ್ದು ಅಳಿಯಲು ಒಂಬತ್ತು ದಿನ ಬಾಕಿ ಇತ್ತು. ಅದನ್ನೂ ಏಪ್ರಿಲ್‌ನ ಎರಡನ್ನೂ ತೆಗೆದಿಡಿಸಿದೆ. ಏಪ್ರಿಲ್ 22ರ ಮೊದಲ ಇಮೇಲ್‌ನಲ್ಲಿ ಒಂದು ದಿನಾಂಕ ಇದ್ದಿದ್ದರೆ, ಅಥವಾ ಎಚ್‌ಆರ್ ಅವತ್ತೇ ಕೇಳಿದ್ದರೆ, ನಾಲ್ಕೂ ಕೈಯಲ್ಲಿರುತ್ತಿದ್ದವು.

ಮಾರ್ಚ್ 18 ಮತ್ತು ಏಪ್ರಿಲ್ 22ರ ಮಾತುಗಳು ರೆಕಾರ್ಡಿಂಗ್‌ನಲ್ಲಿ ಸ್ಪಷ್ಟವಾಗಿದ್ದವು. ನೋಟ್‌ಬುಕ್‌ಗೂ ಅದಕ್ಕೂ ಒಂದೆರಡು ಪದದ ವ್ಯತ್ಯಾಸ ಅಷ್ಟೇ. ಏಪ್ರಿಲ್ 8ರದ್ದು ಇರಲಿಲ್ಲ. ರೆಕಾರ್ಡಿಂಗ್ ಬಟನ್ ಒತ್ತುವ ಮೊದಲೇ ಆ ಮಾತು ಬಂದಿತ್ತು. ನನ್ನ ಲೆಕ್ಕದಲ್ಲಿ ನಾಲ್ಕರಲ್ಲಿ ಅದೇ ಮುಖ್ಯವಾದದ್ದು. ಮಾರ್ಚ್ 21ಕ್ಕೆ ಮೊದಲಿನ ಮಾತುಗಳನ್ನು "ಆಕೆಗೆ ನೋವಾಗುತ್ತದೆ ಅಂತ ಗೊತ್ತಿರಲಿಲ್ಲ" ಅಂತ ತಳ್ಳಿಹಾಕಬಹುದು. ಏಪ್ರಿಲ್ 8ರ ಮಾತು ಹಾಗಲ್ಲ. ಆಕೆ ಮುಚ್ಚಿದ ಬಾಗಿಲ ಹಿಂದೆ ಹೇಳಿಕೊಂಡದ್ದನ್ನೇ ಅಲ್ಲಿ ತಂಡದ ಮುಂದೆ ತಮಾಷೆ ಮಾಡಲಾಗಿತ್ತು. ಹಾಗಾಗಿ ಅದಕ್ಕೆ ಸಾಕ್ಷಿ ಬೇಕೇಬೇಕಿತ್ತು.

ಕೋಣೆಯಲ್ಲಿದ್ದ ಐವರನ್ನು ಮಾತ್ರ ಕರೆಯಲಿಲ್ಲ, ತಂಡದ ಎಲ್ಲರನ್ನೂ ಒಬ್ಬೊಬ್ಬರಾಗಿ ಕರೆದೆ. ಕೆಲವರನ್ನೇ ಕರೆದರೆ ಯಾರು ಏನು ಹೇಳಿದರು ಅಂತ ಊಹಿಸುವುದು ಸುಲಭ. ಪ್ರಶ್ನೆಯನ್ನೂ ತೆರೆದೇ ಇಟ್ಟೆ. "ಮ್ಯಾನೇಜರ್ ಹಂಗಿಸಿದರಾ?" ಅಂತ ಕೇಳಿದರೆ ಬರುವುದು ಹೌದು ಅಥವಾ ಇಲ್ಲ. "ಏಪ್ರಿಲ್ 8ರ ಮೀಟಿಂಗ್ ಹೇಗೆ ಶುರುವಾಯಿತು, ನೆನಪಿದೆಯಾ?" ಅಂತ ಕೇಳಿದೆ. ಐವರಲ್ಲಿ ಇಬ್ಬರಿಗೆ ನೆನಪಿರಲಿಲ್ಲ. ಒಬ್ಬರು "ಅವರು ಎಲ್ಲರಿಗೂ ಹಾಗೇ ಹೇಳುತ್ತಾರೆ, ಮನಸ್ಸಿನಲ್ಲಿ ಏನೂ ಇರಲ್ಲ" ಅಂದರು. ತಂಡಕ್ಕೆ ಹೊಸದಾಗಿ ಸೇರಿದ್ದ ಒಬ್ಬ ಹುಡುಗ ಮಾತ್ರ ಆ ಮಾತನ್ನು ಹೆಚ್ಚುಕಡಿಮೆ ಹಾಗೇ ಹೇಳಿದ. ಯಾಕೆ ನೆನಪಿದೆ ಅಂತ ಕೇಳಿದರೆ, "ಅವತ್ತು ನನಗೆ ಯಾರ ಬಗ್ಗೆ ಹೇಳ್ತಿದ್ದಾರೆ ಅಂತ ಗೊತ್ತಾಗ್ಲಿಲ್ಲ ಸರ್, ಪಕ್ಕದವರನ್ನ ಕೇಳಿದ್ದೆ" ಅಂದ. ಪಕ್ಕದವರು ಐದನೆಯವರು. ಅವರು ಫೋನ್ ತೆಗೆದು ಅವತ್ತು ಬೆಳಿಗ್ಗೆ ಸ್ನೇಹಿತರೊಬ್ಬರಿಗೆ ಕಳಿಸಿದ್ದ ಮೆಸೇಜ್ ತೋರಿಸಿದರು: "ಇವತ್ತು ಜಾಸ್ತಿ ಆಯ್ತು. ಪಾಪ, ಅವರ ಮುಖ ನೋಡೋಕಾಗ್ಲಿಲ್ಲ." ಘಟನೆ ನಡೆದ ಹೊತ್ತಿನಲ್ಲೇ, ದೂರಿನ ಸುಳಿವೂ ಇಲ್ಲದೆ ಬರೆದ ಮಾತಿಗೆ ತೂಕ ಜಾಸ್ತಿ.

ಆಮೇಲೆ ಮ್ಯಾನೇಜರ್. ಅವರಿಗೆ ಆರೋಪಗಳನ್ನು ದಿನಾಂಕದ ಸಮೇತ ಬರೆದು ಕೊಟ್ಟು, ಉತ್ತರಕ್ಕೆ ಸಮಯ ಕೊಟ್ಟೆವು. ಇದು ಬರೀ ಶಾಸ್ತ್ರವಲ್ಲ. ಏನು ಆರೋಪ ಅಂತ ಗೊತ್ತಿಲ್ಲದೆ ಯಾರೂ ಉತ್ತರ ಕೊಡಲಾರರು, ಹಾಗೆ ಪಡೆದ ಉತ್ತರ ಮೇಲ್ಮನವಿಯಲ್ಲಿ ನಿಲ್ಲುವುದೂ ಇಲ್ಲ. ಅವರು ಮೂರು ವಿಷಯ ಹೇಳಿದರು. ಅದು ತಮಾಷೆ, ನೋಯಿಸುವ ಉದ್ದೇಶ ಇರಲಿಲ್ಲ. ಆಕೆಯ ಕೆಲಸದಲ್ಲಿ ತಪ್ಪುಗಳಿದ್ದವು. ಎಲ್ಲರ ಹತ್ತಿರವೂ ಹೀಗೇ ಮಾತಾಡುತ್ತೇನೆ.

ಉದ್ದೇಶದ ಮಾತನ್ನು ನಾನು ಪೂರ್ತಿ ನಂಬಲಿಲ್ಲ, ಪೂರ್ತಿ ತಳ್ಳಲೂ ಇಲ್ಲ. ಆದರೆ ನಿಯಮದಲ್ಲಿ ಅದೊಂದೇ ಅಳತೆಗೋಲಾಗಿರಲಿಲ್ಲ. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ 2019ರಲ್ಲಿ ಕೆಲಸದ ಜಗತ್ತಿನ ಹಿಂಸೆ ಮತ್ತು ಕಿರುಕುಳದ ಬಗ್ಗೆ 190ನೇ ಒಪ್ಪಂದವನ್ನು ಅಂಗೀಕರಿಸಿತು. ಅದರ ವ್ಯಾಖ್ಯೆಯಲ್ಲಿ ಹಾನಿ ಮಾಡುವ ಉದ್ದೇಶದ ನಡತೆ ಮಾತ್ರವಲ್ಲ, ಹಾನಿಗೆ ಕಾರಣವಾದ ಅಥವಾ ಕಾರಣವಾಗಬಹುದಾದ ನಡತೆಯೂ ಸೇರುತ್ತದೆ. ಮಾನಸಿಕ ಹಾನಿಯೂ ಅದರಲ್ಲಿದೆ. ಎಲ್ಲ ದೇಶಗಳೂ ಅದಕ್ಕೆ ಒಪ್ಪಿಗೆ ಕೊಟ್ಟಿಲ್ಲ, ಆದರೆ ನಮ್ಮ ಸಂಸ್ಥೆಯ ನಿಯಮ ಅದೇ ದಾರಿಯಲ್ಲಿತ್ತು. ತಮಾಷೆ ಅಂದುಕೊಂಡೇ ಆಡಿದ್ದರೂ, ಬೇಡ ಅಂದಮೇಲೂ ಮುಂದುವರಿಸಿದರೆ ಪರಿಣಾಮಕ್ಕೆ ಉತ್ತರ ಕೊಡಬೇಕು.

"ಎಲ್ಲರ ಹತ್ತಿರವೂ ಹೀಗೇ" ಅನ್ನುವುದನ್ನು ಪರೀಕ್ಷಿಸುವುದು ಸುಲಭವಿತ್ತು. ಯಾರೂ ಕೇಳದಿದ್ದರೂ ಮಾರ್ಚ್ 18ರ ರೆಕಾರ್ಡಿಂಗನ್ನು ಮೊದಲಿನಿಂದ ಕೊನೆಯವರೆಗೆ ನೋಡಿದೆ. ಆಕೆಯ ಸರದಿ ಮುಗಿದ ಸ್ವಲ್ಪ ಹೊತ್ತಿಗೆ ಇನ್ನೊಬ್ಬರು ತಮ್ಮ ವರದಿ ತೋರಿಸಿದರು. ಅದರಲ್ಲಿ ಒಂದು ಇಡೀ ತಿಂಗಳ ಅಂಕಿ ಬಿಟ್ಟುಹೋಗಿತ್ತು. ಆಕೆಯ ತಪ್ಪಿಗಿಂತ ದೊಡ್ಡದು. ಮ್ಯಾನೇಜರ್ ಹೇಳಿದ್ದು: "ಇದು ಬಿಟ್ಟುಹೋಗಿದೆ, ನಾಳೆ ಸೇರಿಸಿ ಕಳಿಸಿಬಿಡಿ." ಅಷ್ಟೇ. ಈ ಭಾಗವನ್ನು ಮ್ಯಾನೇಜರ್‌ಗೆ ತೋರಿಸಿದೆ. ಅವರು ಸ್ವಲ್ಪ ಹೊತ್ತು ಏನೂ ಹೇಳಲಿಲ್ಲ. ಆಮೇಲೆ, "ಇದು ನನಗೇ ಗೊತ್ತಿರಲಿಲ್ಲ" ಅಂದರು. ಅದು ನಿಜವೇ ಇರಬಹುದು ಅಂತ ನನಗೆ ಅನಿಸಿತು. ಪ್ರಕರಣ ತಿರುಗಿದ್ದು ಇಲ್ಲೇ. ಇಬ್ಬರ ತಪ್ಪು ಪಕ್ಕಪಕ್ಕದಲ್ಲಿ ನಿಂತಾಗ ಅದು ಕೆಲಸದ ಶಿಸ್ತಿನ ಪ್ರಶ್ನೆಯಾಗಿ ಉಳಿಯಲಿಲ್ಲ.

ತೀರ್ಮಾನ ಮತ್ತು ಅದರ ನಂತರ

ಇಂಥ ಆಂತರಿಕ ವಿಚಾರಣೆಯಲ್ಲಿ ಕ್ರಿಮಿನಲ್ ಮೊಕದ್ದಮೆಯಷ್ಟು ಗಟ್ಟಿ ಸಾಬೀತು ಕೇಳುವುದಿಲ್ಲ. ನಡೆದಿರುವ ಸಾಧ್ಯತೆ ಹೆಚ್ಚೋ, ನಡೆದಿಲ್ಲದ ಸಾಧ್ಯತೆ ಹೆಚ್ಚೋ ಅಂತ ನೋಡುತ್ತಾರೆ. ಮಾರ್ಚ್ 18 ಮತ್ತು ಏಪ್ರಿಲ್ 22 ರೆಕಾರ್ಡಿಂಗ್‌ನಿಂದ ಸಾಬೀತಾದವು. ಏಪ್ರಿಲ್ 8 ಇಬ್ಬರ ಹೇಳಿಕೆ ಮತ್ತು ಆ ಮೆಸೇಜ್‌ನಿಂದ. ಮಾರ್ಚ್ 4ಕ್ಕೆ ನೋಟ್‌ಬುಕ್ ಬಿಟ್ಟರೆ ಏನೂ ಇರಲಿಲ್ಲ, ಯಾರಿಗೂ ಖಚಿತ ನೆನಪೂ ಇರಲಿಲ್ಲ. ನೋಟ್‌ಬುಕ್‌ನ ಉಳಿದ ಸಾಲುಗಳು ನಿಜವಾದ್ದರಿಂದ ಇದನ್ನೂ ನಂಬಬಹುದು ಅಂತ ನಾನು ವಾದಿಸಿದೆ. ವರದಿ ನೋಡಿದ ಸಮಿತಿ ಒಪ್ಪಲಿಲ್ಲ, "ಸಾಬೀತಾಗಿಲ್ಲ" ಅಂತ ಬರೆಯಿತು. ಆಕೆಗೆ ಅದು ಚುಚ್ಚಿತು. ಸಾಬೀತಾಗಿಲ್ಲ ಅಂದರೆ ಸುಳ್ಳು ಹೇಳಿದಿರಿ ಅಂತಲ್ಲ ಅಂತ ನಾನು ಬಿಡಿಸಿ ಹೇಳಬೇಕಾಯಿತು.

ಮ್ಯಾನೇಜರ್‌ಗೆ ಲಿಖಿತ ಎಚ್ಚರಿಕೆ ಹೋಯಿತು. ಮೂರು ತಿಂಗಳು ಸೋಮವಾರದ ಮೀಟಿಂಗ್‌ನಲ್ಲಿ ಬೇರೆ ವಿಭಾಗದ ಹಿರಿಯರೊಬ್ಬರು ಕೂರುವುದು ಅಂತ ಆಯಿತು. ಆಕೆಯ ಆ ವರ್ಷದ ಮೌಲ್ಯಮಾಪನ ಇನ್ನೊಬ್ಬ ಮ್ಯಾನೇಜರ್‌ಗೆ ಹೋಯಿತು. ಎಚ್ಚರಿಕೆಯ ವಿವರವನ್ನು ಆಕೆಗೆ ಆಗ ಹೇಳುವಂತಿರಲಿಲ್ಲ. "ದೂರಿನ ಹೆಚ್ಚಿನ ಭಾಗ ಸಾಬೀತಾಗಿದೆ, ಕ್ರಮ ತೆಗೆದುಕೊಂಡಿದ್ದೇವೆ" ಅಂತ ಮಾತ್ರ ಪತ್ರ ಹೋಯಿತು. ದೂರು ಕೊಟ್ಟವರಿಗೆ ಇದು ಯಾವಾಗಲೂ ಅರೆಬರೆ ಅನಿಸುತ್ತದೆ. ಎಲ್ಲರೆದುರು ಆದ ಅವಮಾನಕ್ಕೆ ಮುಚ್ಚಿದ ಲಕೋಟೆಯಲ್ಲಿ ಉತ್ತರ ಬಂದರೆ ಹೇಗನಿಸಬೇಡ? ಮ್ಯಾನೇಜರ್ ತಂಡದೆದುರು ಕ್ಷಮೆ ಕೇಳಲಿ ಅಂತ ಆಕೆ ಬಯಸಿದ್ದರು. ಒತ್ತಾಯದ ಕ್ಷಮೆ ಇನ್ನೊಂದು ನಾಟಕವಾಗುತ್ತದೆ ಅಂತ ನಾವು ಅದಕ್ಕೆ ಹೋಗಲಿಲ್ಲ. ಮ್ಯಾನೇಜರ್ ನನ್ನ ಎದುರಿಗೆ, ಆಕೆಗೆ ಮಾತ್ರ ಕ್ಷಮೆ ಕೇಳಿದರು. ಆಕೆ "ಸರಿ" ಅಂದರು. ಸಮಾಧಾನ ಆಗಿರಲಿಲ್ಲ ಅನ್ನುವುದು ಮುಖದಲ್ಲೇ ಇತ್ತು.

ಎರಡು ವಾರದ ನಂತರ ಮಾಮೂಲಿಯಾಗಿ ಆಕೆ ಹೋಗುತ್ತಿದ್ದ ಗ್ರಾಹಕರ ಮೀಟಿಂಗ್‌ನ ಆಹ್ವಾನದಲ್ಲಿ ಆಕೆಯ ಹೆಸರು ಇರಲಿಲ್ಲ. ದೂರು ಕೊಟ್ಟವರ ಮೇಲೆ ಸೇಡು ತೀರಿಸುವುದು ಬಹಳ ಸಲ ಹೀಗೇ ಕಾಣಿಸುತ್ತದೆ. ಬೈಯುವುದಿಲ್ಲ, ಬಿಟ್ಟುಬಿಡುತ್ತಾರೆ. ಮರೆವೂ ಹೀಗೇ ಕಾಣಿಸುತ್ತದೆ, ಅದೇ ಕಷ್ಟ. ಆಕೆ ನನಗೆ ನಾಲ್ಕು ಸಾಲು ಬರೆದರು: ಇಂಥ ದಿನದ ಮೀಟಿಂಗ್, ಹಿಂದಿನ ಆರು ಸಲ ನನಗೆ ಆಹ್ವಾನ ಇತ್ತು, ಈ ಸಲ ಇಲ್ಲ, ಕಾರಣ ತಿಳಿಸುತ್ತೀರಾ? ಸೇಡು ಅನ್ನುವ ಪದ ಬಳಸಲಿಲ್ಲ. ಮ್ಯಾನೇಜರ್ ಹೊಸ ಪಟ್ಟಿ ಮಾಡುವಾಗ ಬಿಟ್ಟುಹೋಯಿತು ಅಂದರು, ಅವತ್ತೇ ಸೇರಿಸಿದರು. ಯಾವುದು ನಿಜ ಅಂತ ತೀರ್ಮಾನಿಸುವ ಅಗತ್ಯ ಬೀಳಲಿಲ್ಲ. ಆ ನಾಲ್ಕು ಸಾಲು ಫೈಲಿಗೆ ಸೇರಿತು, ಮತ್ತೆ ಹಾಗಾಗಲಿಲ್ಲ.

ಮೂರು ತಿಂಗಳ ಕೊನೆಗೆ ಸೋಮವಾರದ ಮೀಟಿಂಗ್ ಬದಲಾಗಿತ್ತು. ವರದಿಯ ತಪ್ಪುಗಳನ್ನು ಹಿಂದಿನ ದಿನವೇ ಬರೆದು ಕಳಿಸುವ ಪದ್ಧತಿಯನ್ನು ಮ್ಯಾನೇಜರ್ ತಾವೇ ತಂದಿದ್ದರು. ಆಕೆ ಆರು ತಿಂಗಳು ಬಿಟ್ಟು ಬೇರೆ ತಂಡಕ್ಕೆ ಹೋದರು, ತಾವಾಗಿಯೇ ಕೇಳಿಕೊಂಡು. ಎಚ್‌ಆರ್ ಕಡೆಯಲ್ಲಿ ಮೊದಲ ಉತ್ತರದ ನಮೂನೆ ಬದಲಾಯಿತು. ಈಗ ಎಷ್ಟೇ ಗೊಂದಲದ ದೂರು ಬಂದರೂ ಉತ್ತರದಲ್ಲಿ ಮೂರು ಪ್ರಶ್ನೆ ಹೋಗುತ್ತವೆ: ಆಡಿದ ಮಾತು ಏನು, ಯಾವ ದಿನ, ಅಳಿದುಹೋಗಬಹುದಾದ ದಾಖಲೆ ಏನಾದರೂ ಇದೆಯಾ? "ಕೂತು ಮಾತಾಡಿ" ಅನ್ನುವ ಮೊದಲು, ಆಗಲೇ ಮಾತಾಡಿದ್ದೀರಾ ಅಂತಲೂ ಕೇಳುತ್ತಾರೆ.

ಒಂದು ವಿಷಯ ಮಾತ್ರ ಹಾಗೇ ಉಳಿದಿದೆ. ವಿಚಾರಣೆಯ ಹೊತ್ತಿನಲ್ಲಿ ತಂಡದ ಇಬ್ಬರು ತಮಗೂ ಹೀಗೇ ಆಗಿತ್ತು ಅಂದರು, ಆದರೆ ದೂರು ಕೊಡಲು ಒಪ್ಪಲಿಲ್ಲ. ಅವರ ಹೆಸರಿನಲ್ಲಿ ನಾವು ದೂರು ಹೂಡುವಂತಿರಲಿಲ್ಲ. ಅವರು ಹೇಳಿದ್ದನ್ನು ಹೆಸರಿಲ್ಲದೆ, ಅವರಿಗೆ ಓದಿ ತೋರಿಸಿ, ವರದಿಯ ಕೊನೆಗೆ ಸೇರಿಸಿದ್ದೇನೆ. ಅದೇ ಮ್ಯಾನೇಜರ್ ಮೇಲೆ ಇನ್ನೊಂದು ದೂರು ಬಂದರೆ ವಿಚಾರಣೆ ಮಾಡುವವರು ಮೊದಲು ತೆರೆಯುವುದು ಆ ಪುಟವನ್ನೇ.